ತುಂಬಿದ್ದು ಒಂದು ಬಕೆಟ್, ಬೆಳೆದದ್ದು ಡೈರೆಕ್ಟರಿ

ಒಂದು ಫೋಲ್ಡರಿನಲ್ಲಿ ಲಕ್ಷಾಂತರ ಕಡತಗಳಿವೆ ಎಂದುಕೊಳ್ಳಿ. ಹೆಸರು ಹೇಳಿ ಒಂದು ಕಡತ ಕೇಳಿದರೆ, ಕಂಪ್ಯೂಟರ್ ಎಲ್ಲ ಹೆಸರುಗಳನ್ನೂ ಸಾಲಾಗಿ ಓದುತ್ತ ಕೂರಬೇಕಾಗಿಲ್ಲ. ಆ ಹೆಸರನ್ನು ಒಂದು ಲೆಕ್ಕದ ಸೂತ್ರಕ್ಕೆ ಹಾಕಿದರೆ ಒಂದು ಸಂಖ್ಯೆ ಸಿಗುತ್ತದೆ. ಆ ಸಂಖ್ಯೆಯೇ ಕಡತದ ವಿವರ ಡಿಸ್ಕಿನಲ್ಲಿ ಎಲ್ಲಿದೆ ಎಂದು ತೋರಿಸುತ್ತದೆ. ಹೀಗೆ ಹೆಸರಿನಿಂದ ಜಾಗವನ್ನು ಲೆಕ್ಕಹಾಕುವುದೇ ಹ್ಯಾಶಿಂಗ್. ಒಂದು ಜಾಗದಲ್ಲಿ ಹಲವು ದಾಖಲೆಗಳು ಹಿಡಿಸುತ್ತವೆ. ಅಂಥ ಜಾಗಕ್ಕೆ ಬಕೆಟ್ ಎನ್ನುತ್ತಾರೆ. ಸಾಮಾನ್ಯವಾಗಿ ಡಿಸ್ಕಿನ ಒಂದು ಬ್ಲಾಕೇ ಒಂದು ಬಕೆಟ್.

ತೊಡಕು ಶುರುವಾಗುವುದು ಬಕೆಟ್‌ಗಳು ಎಷ್ಟಿರಬೇಕು ಎಂದು ಮೊದಲೇ ನಿಗದಿ ಮಾಡಿದಾಗ. 1000 ಬಕೆಟ್ ಇಟ್ಟುಕೊಂಡು, ಸಿಕ್ಕ ಸಂಖ್ಯೆಯನ್ನು 1000ದಿಂದ ಭಾಗಿಸಿ ಉಳಿದ ಶೇಷವೇ ಬಕೆಟ್ಟಿನ ಗುರುತು ಎಂದು ನಿಯಮ ಮಾಡಿದೆವು ಅನ್ನಿ. ದಾಖಲೆಗಳು ಹೆಚ್ಚಿದಂತೆ ಬಕೆಟ್ ತುಂಬಿ, ಹೆಚ್ಚುವರಿ ದಾಖಲೆಗಳು ಅದರ ಹಿಂದೆ ಸರಪಳಿಯಂತೆ ಬೆಳೆಯುತ್ತವೆ. ಒಂದು ಓದಿಗೆ ಸಿಗಬೇಕಾದದ್ದು ಐದಾರು ಓದಿಗೆ ಸಿಗುತ್ತದೆ. 1000 ಸಾಲದೆಂದು 2000 ಮಾಡಹೊರಟರೆ, ಇರುವ ಪ್ರತಿಯೊಂದು ದಾಖಲೆಯನ್ನೂ ಹೊರತೆಗೆದು ಹೊಸ ಲೆಕ್ಕದಂತೆ ಮತ್ತೆ ಇಡಬೇಕು. ಡಿಸ್ಕಿನಲ್ಲಿರುವ ದೊಡ್ಡ ಕಡತಕ್ಕೆ ಇದು ದೊಡ್ಡ ಶಿಕ್ಷೆ.

1979ರಲ್ಲಿ ರೊನಾಲ್ಡ್ ಫೇಗಿನ್, ಯುರ್ಗ್ ನೀವರ್ಗೆಲ್ಟ್, ನಿಕೊಲಸ್ ಪಿಪ್ಪೆಂಜರ್ ಮತ್ತು ರೇಮಂಡ್ ಸ್ಟ್ರಾಂಗ್ ಎಂಬ ನಾಲ್ವರು ಸೇರಿ ಪ್ರಕಟಿಸಿದ ಪ್ರಬಂಧ ಈ ಶಿಕ್ಷೆಯನ್ನು ತಪ್ಪಿಸುವ ದಾರಿ ತೋರಿಸಿತು. ಅವರು ಅದಕ್ಕೆ ಇಟ್ಟ ಹೆಸರು ಎಕ್ಸ್‌ಟೆಂಡಿಬಲ್ ಹ್ಯಾಶಿಂಗ್, ಅಂದರೆ ಹಿಗ್ಗಬಲ್ಲ ಹ್ಯಾಶಿಂಗ್. ಸೂತ್ರ ಕೊಡುವ ಸಂಖ್ಯೆ ಉದ್ದವಾಗಿಯೇ ಇರಲಿ, ಉದಾಹರಣೆಗೆ 32 ಬಿಟ್. ಆದರೆ ಅಗತ್ಯವಿದ್ದಷ್ಟು ಬಿಟ್‌ಗಳನ್ನು ಮಾತ್ರ ನೋಡೋಣ ಎಂಬುದು ಅವರ ಯೋಚನೆ. ದೂರದ ಊರಿನಲ್ಲಿ ಅಂಚೆ ವಿಂಗಡಿಸುವಾಗ ಪಿನ್‌ಕೋಡಿನ ಮೊದಲ ಕೆಲವು ಅಂಕಿಗಳೇ ಸಾಕು, ಕಾಗದ ಊರಿನ ಹತ್ತಿರ ಬಂದಂತೆ ಉಳಿದ ಅಂಕಿಗಳೂ ಬೇಕಾಗುತ್ತವೆ. ಇಲ್ಲಿಯೂ ಹಾಗೆಯೇ. ದಾಖಲೆ ಕಡಿಮೆ ಇದ್ದಾಗ ಒಂದು ಬಿಟ್ ಸಾಕು, ದಟ್ಟಣೆ ಹೆಚ್ಚಿದಲ್ಲಿ ಇನ್ನೊಂದು ಬಿಟ್ ನೋಡಿದರಾಯಿತು.

ಇದನ್ನು ಸಾಧಿಸಲು ಬಕೆಟ್‌ಗಳ ಮುಂದೆ ಒಂದು ಪಟ್ಟಿ ಇಡುತ್ತಾರೆ. ಅದೇ ಡೈರೆಕ್ಟರಿ. ಅದರಲ್ಲಿ ದಾಖಲೆಗಳಿಲ್ಲ, ಯಾವ ಬಕೆಟ್ ಎಲ್ಲಿದೆ ಎಂಬ ವಿಳಾಸಗಳಷ್ಟೇ ಇವೆ. ಎರಡು ಬಿಟ್ ನೋಡುವ ಡೈರೆಕ್ಟರಿಯಲ್ಲಿ ನಾಲ್ಕು ಮನೆಗಳು, ಮೂರು ಬಿಟ್ ನೋಡಿದರೆ ಎಂಟು. ಎಷ್ಟು ಬಿಟ್ ನೋಡುತ್ತೇವೋ ಅದು ಡೈರೆಕ್ಟರಿಯ ಆಳ. ಪ್ರತಿ ಬಕೆಟ್ಟಿಗೂ ಅದರದೇ ಆಳವಿದೆ: ಅದರೊಳಗಿನ ದಾಖಲೆಗಳೆಲ್ಲ ಎಷ್ಟು ಬಿಟ್‌ಗಳಲ್ಲಿ ಒಂದೇ ತೆರನಾಗಿರಲೇಬೇಕು ಎಂಬ ಸಂಖ್ಯೆ. ಈ ಎರಡು ಆಳಗಳ ಹೋಲಿಕೆಯಲ್ಲೇ ಇಡೀ ವಿಧಾನ ಅಡಗಿದೆ.

ಒಂದು ಪುಟ್ಟ ಲೆಕ್ಕ ಮಾಡಿ ನೋಡೋಣ. ಬಕೆಟ್ಟಿಗೆ ಎರಡೇ ದಾಖಲೆ ಹಿಡಿಸುತ್ತವೆ. ಸರಳವಾಗಿರಲೆಂದು ಸಂಖ್ಯೆಯ ಬಿಟ್‌ಗಳನ್ನೇ ಹ್ಯಾಶ್ ಎಂದು ಬಳಸೋಣ, ಕೊನೆಯ ಬಿಟ್‌ಗಳಿಂದ ನೋಡುತ್ತ ಹೋಗೋಣ. ಮೂಲ ಪ್ರಬಂಧ ನೋಡುವುದು ಮೊದಲ ಬಿಟ್‌ಗಳನ್ನು, ತತ್ವದಲ್ಲಿ ವ್ಯತ್ಯಾಸವಿಲ್ಲ. ಆರಂಭದಲ್ಲಿ ಡೈರೆಕ್ಟರಿಯ ಆಳ 1. ಕೊನೆಯ ಬಿಟ್ 0 ಆದವು ‘ಅ’ ಬಕೆಟ್ಟಿಗೆ, 1 ಆದವು ‘ಆ’ ಬಕೆಟ್ಟಿಗೆ. 4 (0100) ಮತ್ತು 10 (1010) ಅ ಸೇರಿದವು. 7 (0111) ಮತ್ತು 13 (1101) ಆ ಸೇರಿದವು. ಎರಡೂ ತುಂಬಿವೆ.

ಈಗ 6 (0110) ಬಂತು. ಕೊನೆಯ ಬಿಟ್ 0, ಹೋಗಬೇಕಾದದ್ದು ಅ ಬಕೆಟ್ಟಿಗೆ, ಅಲ್ಲಿ ಜಾಗವಿಲ್ಲ. ಅ ಒಡೆದು ಎರಡಾಗಬೇಕಾದರೆ ಇನ್ನೊಂದು ಬಿಟ್ ನೋಡಬೇಕು. ಆದರೆ ಅ ಬಕೆಟ್ಟಿನ ಆಳ 1, ಡೈರೆಕ್ಟರಿಯ ಆಳವೂ 1. ಎರಡು ಬಿಟ್‌ಗಳ ಗುರುತು ಬರೆಯಲು ಡೈರೆಕ್ಟರಿಯಲ್ಲಿ ಮನೆಯೇ ಇಲ್ಲ. ಹಾಗಾಗಿ ಮೊದಲು ಡೈರೆಕ್ಟರಿ ಇಮ್ಮಡಿಯಾಗುತ್ತದೆ. ಇಮ್ಮಡಿ ಮಾಡುವುದೆಂದರೆ ಇದ್ದ ವಿಳಾಸಗಳ ನಕಲನ್ನು ಅದರ ಕೆಳಗೇ ಇನ್ನೊಮ್ಮೆ ಬರೆಯುವುದು, ಅಷ್ಟೇ:

```
00 → ಅ
01 → ಆ
10 → ಅ
11 → ಆ
```

ಒಂದೇ ಬಕೆಟ್ಟಿಗೆ ಈಗ ಎರಡು ಮನೆಗಳಿಂದ ದಾರಿ. ಈ ಹಂತದಲ್ಲಿ ಒಂದು ದಾಖಲೆಯೂ ಕದಲಿಲ್ಲ. ಹಳೆಯ ಹುಡುಕಾಟಗಳೆಲ್ಲ ಮೊದಲಿನಂತೆಯೇ ಸರಿಯಾಗಿ ಮುಟ್ಟುತ್ತವೆ. ಆಮೇಲೆ ತುಂಬಿದ ಅ ಒಂದನ್ನೇ ಒಡೆಯುತ್ತಾರೆ. 00 ಎಂದು ಮುಗಿಯುವ 4 ಅ ಬಕೆಟ್ಟಿನಲ್ಲೇ ಉಳಿಯುತ್ತದೆ. 10 ಎಂದು ಮುಗಿಯುವ ಹತ್ತು ಮತ್ತು ಆರು ಹೊಸ ಬಕೆಟ್ ‘ಇ’ಗೆ ಹೋಗುತ್ತವೆ. 10ರ ಮನೆಯ ವಿಳಾಸವನ್ನು ಇ ಎಂದು ತಿದ್ದುತ್ತಾರೆ. ಅ ಮತ್ತು ಇ ಎರಡರ ಆಳವೂ 2 ಆಯಿತು. ಆ ಬಕೆಟ್ಟನ್ನು ಯಾರೂ ಮುಟ್ಟಲಿಲ್ಲ. ಅದರ ಆಳ 1 ಆಗಿಯೇ ಉಳಿಯಿತು.

ಮುಂದೆ 3 (0011) ಬಂದರೆ? 11 ಎಂದು ಮುಗಿಯುವುದರಿಂದ ಅದು ಆ ಬಕೆಟ್ಟಿಗೆ ಹೋಗಬೇಕು, ಅದೂ ತುಂಬಿದೆ. ಆದರೆ ಈ ಸಲ ಬಕೆಟ್ಟಿನ ಆಳ 1, ಡೈರೆಕ್ಟರಿಯ ಆಳ 2. ಬೇಕಾದ ಮನೆ ಆಗಲೇ ಸಿದ್ಧವಿದೆ. ಡೈರೆಕ್ಟರಿ ಬೆಳೆಸದೆ ಆ ಬಕೆಟ್ಟನ್ನು ಒಡೆದರಾಯಿತು: 01ರ 13 ಅಲ್ಲೇ, 11ರ 7 ಮತ್ತು 3 ಹೊಸ ಬಕೆಟ್ ‘ಈ’ಗೆ. ಬಕೆಟ್ ತುಂಬಿದಾಗಲೆಲ್ಲ ಡೈರೆಕ್ಟರಿ ಇಮ್ಮಡಿಯಾಗುತ್ತದೆ ಎಂದು ತಿಳಿಯುವುದು ತಪ್ಪು. ಬಕೆಟ್ಟಿನ ಆಳ ಡೈರೆಕ್ಟರಿಯ ಆಳವನ್ನು ಮುಟ್ಟಿದ್ದರೆ ಮಾತ್ರ ಇಮ್ಮಡಿ. ಅದಕ್ಕಿಂತ ಕಡಿಮೆಯಿದ್ದರೆ ಬಕೆಟ್ ಒಡೆಯುವುದಷ್ಟೇ.

ಆಮೇಲೆ 14 (1110) ಬಂದಾಗ ಇ ತುಂಬಿರುತ್ತದೆ, ಎರಡೂ ಆಳಗಳು 2. ಮತ್ತೆ ಇಮ್ಮಡಿ, ಈಗ ಎಂಟು ಮನೆ. 010ರ ಹತ್ತು ಇ ಬಕೆಟ್ಟಿನಲ್ಲಿ ಉಳಿದು, 110ರ ಆರು ಮತ್ತು ಹದಿನಾಲ್ಕು ‘ಉ’ ಎಂಬ ಬಕೆಟ್ಟಿಗೆ ಸೇರುತ್ತವೆ. ಎಂಟು ಮನೆಗಳಿದ್ದರೂ ಬಕೆಟ್‌ಗಳು ಐದೇ. ಅ, ಆ, ಈ ಮೂರಕ್ಕೂ ಎರಡೆರಡು ಮನೆಗಳಿಂದ ದಾರಿ.

ಇಮ್ಮಡಿ ಎಂಬ ಮಾತು ಕೇಳಲು ಭಾರವಾದರೂ ಖರ್ಚು ಹಗುರ. 10 ಲಕ್ಷ ದಾಖಲೆಗಳಿವೆ, ಒಂದೊಂದೂ 100 ಬೈಟ್, ಬಕೆಟ್ ಎಂದರೆ 4096 ಬೈಟ್‌ಗಳ ಒಂದು ಬ್ಲಾಕ್ ಎಂದುಕೊಳ್ಳೋಣ. ಬಕೆಟ್ಟಿಗೆ 40 ದಾಖಲೆ ಹಿಡಿಸುತ್ತವೆ. ಹ್ಯಾಶ್ ಸೂತ್ರ ಚೆನ್ನಾಗಿದ್ದರೆ ಬಕೆಟ್‌ಗಳು ಸರಾಸರಿ ಶೇ. 69ರಷ್ಟು ತುಂಬಿರುತ್ತವೆ, ಅಂದರೆ ಬಕೆಟ್ಟಿಗೆ ಸುಮಾರು 28 ದಾಖಲೆ. ಒಟ್ಟು ಬಕೆಟ್‌ಗಳು ಸುಮಾರು 36,000, ಹತ್ತಿರಹತ್ತಿರ 150 ಎಂಬಿ. ಡೈರೆಕ್ಟರಿಗೆ 1,31,072 ಮನೆಗಳಿವೆ ಎಂದರೂ, ವಿಳಾಸಕ್ಕೆ 8 ಬೈಟ್‌ನಂತೆ ಅದು 1 ಎಂಬಿ ಮಾತ್ರ. ಇಮ್ಮಡಿ ಮಾಡುವಾಗ ನಕಲಾಗುವುದು ಈ 1 ಎಂಬಿ; 150 ಎಂಬಿಯ ದಾಖಲೆಗಳಲ್ಲಿ ಜಾಗ ಬದಲಿಸುವುದು ತುಂಬಿದ ಒಂದು ಬಕೆಟ್ಟಿನವು ಮಾತ್ರ. ಇಷ್ಟು ಚಿಕ್ಕ ಡೈರೆಕ್ಟರಿ ಮೆಮೊರಿಯಲ್ಲೇ ಇರಬಲ್ಲದು, ಹಾಗಾಗಿ ಯಾವ ದಾಖಲೆಯಾದರೂ ಡಿಸ್ಕಿನ ಒಂದೇ ಓದಿಗೆ ಸಿಗುತ್ತದೆ. ಡೈರೆಕ್ಟರಿಯೂ ಡಿಸ್ಕಿನಲ್ಲಿದ್ದರೆ ಎರಡು ಓದು.

ಆದರೆ ಈ ಲೆಕ್ಕವೆಲ್ಲ ನಿಂತಿರುವುದು ಹ್ಯಾಶ್ ಸೂತ್ರ ದಾಖಲೆಗಳನ್ನು ಸಮನಾಗಿ ಹರಡುತ್ತದೆ ಎಂಬ ನಂಬಿಕೆಯ ಮೇಲೆ. ನಮ್ಮ ಉದಾಹರಣೆಗೆ 22 (10110) ಸೇರಿಸಿ ನೋಡಿ. ಅದು 110 ಎಂದು ಮುಗಿಯುತ್ತದೆ, ಉ ತುಂಬಿದೆ, ಆಳ ಸಮ; ಡೈರೆಕ್ಟರಿ 16 ಮನೆಗೆ ಏರುತ್ತದೆ. 38 (100110) ಸೇರಿಸಿದರೆ ಮತ್ತೆ ಅದೇ ಮೂಲೆಯಲ್ಲಿ ದಟ್ಟಣೆ, 32 ಮನೆ. ಈಗ ದಾಖಲೆಗಳು ಒಂಬತ್ತು, ಬಕೆಟ್‌ಗಳು ಏಳು, ಡೈರೆಕ್ಟರಿಗೆ 32 ಮನೆ. ರೋಗ ಹಿಡಿಯಲು ಈ ಅನುಪಾತವೇ ನಾಡಿ: ಮನೆಗಳ ಸಂಖ್ಯೆ ಬಕೆಟ್‌ಗಳಿಗಿಂತ ನಾಲ್ಕೈದು ಪಟ್ಟಿಗೂ ಮೇಲೆ ಹೋಗುತ್ತಲೇ ಇದ್ದರೆ, ಹ್ಯಾಶ್ ಸೂತ್ರ ಒಂದೇ ಕಡೆ ರಾಶಿ ಹಾಕುತ್ತಿದೆ ಎಂದು ಅನುಮಾನಿಸಬೇಕು.

ಇದಕ್ಕಿಂತ ಕೆಟ್ಟದ್ದು ಒಂದೇ ಕೀಲಿಯ ದಾಖಲೆಗಳು. ಗ್ರಾಹಕರ ದಾಖಲೆಗಳನ್ನು ಊರಿನ ಹೆಸರಿನಿಂದ ಹ್ಯಾಶ್ ಮಾಡಿದರೆ, ಒಂದೇ ಊರಿನ ನೂರು ಜನರಿಗೂ ಬರುವುದು ಒಂದೇ ಸಂಖ್ಯೆ. 40 ಹಿಡಿಸುವ ಬಕೆಟ್ಟಿಗೆ 41ನೆಯವರು ಬಂದಾಗ ಎಷ್ಟು ಬಿಟ್ ನೋಡಿದರೂ ಅವರನ್ನು ಬೇರ್ಪಡಿಸಲಾಗದು. ಬಕೆಟ್ ಒಡೆದರೆ ಎಲ್ಲರೂ ಒಂದೇ ಬದಿಗೆ ಬೀಳುತ್ತಾರೆ, ಪ್ರೋಗ್ರಾಂ ಮತ್ತೆ ಡೈರೆಕ್ಟರಿ ಹಿಗ್ಗಿಸುತ್ತದೆ. ಆಳ 30 ತಲುಪಿದರೆ ಮನೆಗಳು 107 ಕೋಟಿ ಮೀರುತ್ತವೆ, ಡೈರೆಕ್ಟರಿಯೊಂದೇ 8 ಜಿಬಿಗೂ ಹೆಚ್ಚು.

ಆದ್ದರಿಂದ ನಿಜವಾಗಿ ಬಳಕೆಯಲ್ಲಿರುವ ವ್ಯವಸ್ಥೆಗಳು ಆಳಕ್ಕೆ ಒಂದು ಮಿತಿ ಹಾಕಿಕೊಂಡಿರುತ್ತವೆ. ಲಿನಕ್ಸ್‌ನ ಜಿಎಫ್‌ಎಸ್2 ಎಂಬ ಕಡತ ವ್ಯವಸ್ಥೆ ದೊಡ್ಡ ಫೋಲ್ಡರುಗಳನ್ನು ಇದೇ ವಿಧಾನದಲ್ಲಿ ಇಡುತ್ತದೆ. ಅದರ `fs/gfs2/dir.c` ಕೋಡಿನ ಟಿಪ್ಪಣಿಯಲ್ಲಿ 1979ರ ಆ ಪ್ರಬಂಧದ ಹೆಸರೇ ಇದೆ. ಕಡತದ ಹೆಸರಿನಿಂದ 32 ಬಿಟ್ ಸಂಖ್ಯೆ ಮಾಡಿ, ಮೊದಲ ಬಿಟ್‌ಗಳಿಂದ ಮನೆ ಹುಡುಕುತ್ತದೆ. ಆಳ 17 ದಾಟುವಂತಿಲ್ಲ. ಅಂದರೆ ಹೆಚ್ಚೆಂದರೆ 1,31,072 ಮನೆ, 1 ಎಂಬಿ. ಅದರಾಚೆ ಬಕೆಟ್ ತುಂಬಿದರೆ ಅದರ ಹಿಂದೆ ಇನ್ನೊಂದು ಬ್ಲಾಕ್ ಸರಪಳಿಯಾಗಿ ಸೇರುತ್ತದೆ. ಯಾವ ಸರಪಳಿಯನ್ನು ತಪ್ಪಿಸಲು ಈ ವಿಧಾನ ಹುಟ್ಟಿತೋ ಅದನ್ನೇ ಕೊನೆಯ ಆಸರೆಯಾಗಿ ಇಟ್ಟುಕೊಂಡದ್ದು ವಿವೇಕದ ನಿರ್ಧಾರ.

ಇನ್ನೊಂದು ಬೆಲೆಯೂ ಇದೆ. ಹೆಚ್ಚಿನ ಸೇರ್ಪಡೆಗಳು ಕ್ಷಣದಲ್ಲಿ ಮುಗಿದರೂ, ಡೈರೆಕ್ಟರಿ ಇಮ್ಮಡಿಯಾಗುವ ಆ ಒಂದು ಸೇರ್ಪಡೆ ಮಾತ್ರ ತಡವಾಗುತ್ತದೆ. ಡೈರೆಕ್ಟರಿ ದೊಡ್ಡದಾದಷ್ಟೂ ಆ ತಡ ದೊಡ್ಡದು. 1980ರಲ್ಲಿ ವಿಟೋಲ್ಡ್ ಲಿಟ್ವಿನ್ ಮುಂದಿಟ್ಟ ಲೀನಿಯರ್ ಹ್ಯಾಶಿಂಗ್ ಡೈರೆಕ್ಟರಿಯನ್ನೇ ಬಿಟ್ಟು, ಬಕೆಟ್‌ಗಳನ್ನು ಸರದಿಯಂತೆ ಒಂದೊಂದಾಗಿ ಒಡೆಯುತ್ತದೆ. ಅಲ್ಲಿ ಹಠಾತ್ ಇಮ್ಮಡಿ ಇಲ್ಲ, ಆದರೆ ತುಂಬಿದ ಬಕೆಟ್ ತನ್ನ ಸರದಿ ಬರುವತನಕ ಸರಪಳಿ ಹೊತ್ತುಕೊಂಡಿರಬೇಕು. ಒಂದರಲ್ಲಿ ಅಪರೂಪಕ್ಕೊಮ್ಮೆ ಬರೆಯುವವರು ಕಾಯಬೇಕು, ಇನ್ನೊಂದರಲ್ಲಿ ಆಗಾಗ ಓದುವವರು ಒಂದೆರಡು ಓದು ಹೆಚ್ಚು ಮಾಡಬೇಕು. ಬರೆಯುವುದಕ್ಕಿಂತ ಹುಡುಕುವುದೇ ಹೆಚ್ಚಿದ್ದು, ಕೀಲಿಗಳು ಬೇರೆಬೇರೆಯಾಗಿದ್ದು, ಡೈರೆಕ್ಟರಿ ಮೆಮೊರಿಯಲ್ಲಿ ಹಿಡಿಸುವಂತಿದ್ದರೆ, ಆ ಅಪರೂಪದ ಕಾಯುವಿಕೆಯನ್ನು ಒಪ್ಪಿಕೊಳ್ಳುವುದೇ ಲಾಭ.