ಮೂರು ತಿಂಗಳ ಶುಗರ್: ನಿನ್ನೆಯ ಪಥ್ಯ ರಿಪೋರ್ಟಿನಲ್ಲಿ ಏಕೆ ಕಾಣೋಲ್ಲ?

"ಒಂದು ತಿಂಗಳಿಂದ ಅನ್ನ ಅರ್ಧ ಮಾಡಿದೀನಿ, ಕಾಫಿಗೆ ಸಕ್ಕರೆ ಬಿಟ್ಟಿದೀನಿ, ದಿನಾ ವಾಕಿಂಗ್ ಹೋಗ್ತೀನಿ. ಮನೇಲಿ ಚೆಕ್ ಮಾಡಿದ್ರೆ ಶುಗರ್ ಚೆನ್ನಾಗೇ ಬರುತ್ತೆ. ಲ್ಯಾಬಿನೋರು ಮಾತ್ರ 8 ಅಂತ ಬರೆದುಕೊಟ್ಟಿದ್ದಾರೆ ನೋಡ್ರೀ!"

ಸಕ್ಕರೆ ಕಾಯಿಲೆಯವರಿರುವ ಮನೆಗಳಲ್ಲಿ ಈ ಗೊಣಗಾಟ ಹೊಸದೇನಲ್ಲ. ಇಲ್ಲಿ ಲ್ಯಾಬಿನವರದ್ದೂ ತಪ್ಪಿಲ್ಲ, ಮನೆಯ ಗ್ಲುಕೋಮೀಟರಿನದ್ದೂ ತಪ್ಪಿಲ್ಲ. ಬೆರಳು ಚುಚ್ಚಿ ನೋಡುವ ಮೀಟರು ಹೇಳುವುದು ಆ ಕ್ಷಣದ ಶುಗರ್. ಲ್ಯಾಬಿನವರು ಎಚ್‌ಬಿಎ1ಸಿ ಎಂದು ಬರೆಯುವ, ನಾವೆಲ್ಲ 'ಮೂರು ತಿಂಗಳ ಶುಗರ್' ಅನ್ನುವ ಪರೀಕ್ಷೆ ಹೇಳುವುದು ಹಿಂದಿನ ದಿನಗಳ ಸರಾಸರಿ.

ರಕ್ತಕ್ಕೆ ಕೆಂಪು ಬಣ್ಣ ಕೊಡುವುದು ಹಿಮೋಗ್ಲೋಬಿನ್. ಅದು ಕೆಂಪು ರಕ್ತಕಣದೊಳಗೆ ತುಂಬಿಕೊಂಡಿರುತ್ತದೆ. ರಕ್ತದಲ್ಲಿರುವ ಸಕ್ಕರೆ ಈ ಕಣದೊಳಗೆ ಇನ್ಸುಲಿನ್ನಿನ ಹಂಗಿಲ್ಲದೆ ಸಲೀಸಾಗಿ ಹೋಗಿ, ನಿಧಾನವಾಗಿ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಸಕ್ಕರೆ ಹೆಚ್ಚಿದ್ದಷ್ಟೂ ಅಂಟುವುದೂ ಹೆಚ್ಚು. ಒಮ್ಮೆ ಗಟ್ಟಿಯಾಗಿ ಅಂಟಿತೆಂದರೆ ಆ ಕಣ ಸಾಯುವವರೆಗೂ ಬಿಡುವುದಿಲ್ಲ. ಕಣದ ಆಯುಸ್ಸು ಸುಮಾರು 120 ದಿನ. ರಿಪೋರ್ಟಿನಲ್ಲಿ 8 ಎಂದಿದ್ದರೆ, ನೂರರಲ್ಲಿ 8 ಪಾಲು ಹಿಮೋಗ್ಲೋಬಿನ್ನಿಗೆ ಹೀಗೆ ಸಕ್ಕರೆ ಅಂಟಿದೆ ಎಂದರ್ಥ.

ಇದನ್ನು ಅಡುಗೆಮನೆಗೆ ತಂದು ನೋಡೋಣ. ನಿಮ್ಮಲ್ಲಿ ಕೈ ಒರೆಸುವ 120 ಬಿಳಿ ಬಟ್ಟೆಗಳಿವೆ ಎಂದುಕೊಳ್ಳಿ. ದಿನಾ ಒಂದು ಹೊಸ ಬಟ್ಟೆ ಸೇರುತ್ತದೆ, ಎಲ್ಲಕ್ಕಿಂತ ಹಳೆಯದೊಂದನ್ನು ಎಸೆಯುತ್ತೀರಿ. ದಿನದ ಅಡುಗೆಯ ಅರಿಶಿನ ಅಲ್ಲಿರುವ ಎಲ್ಲ ಬಟ್ಟೆಗಳಿಗೂ ಒಂದಿಷ್ಟು ತಾಗುತ್ತದೆ. ಅರಿಶಿನದ ಕಲೆ ಗೊತ್ತಲ್ಲ, ಒಗೆದರೂ ಹೋಗೋಲ್ಲ! ಈಗ ಇಡೀ ರಾಶಿಯ ಹಳದಿಯನ್ನು ಅಳೆದರೆ ಅದೇ ಎಚ್‌ಬಿಎ1ಸಿ. ಇವತ್ತಿನಿಂದ ಅರಿಶಿನ ಕಡಿಮೆ ಹಾಕಿದಿರಿ ಅನ್ನಿ. ಹಳೆಯ ಬಟ್ಟೆಗಳ ಕಲೆ ಹಾಗೇ ಇರುತ್ತದೆ. ಅವು ಒಂದೊಂದಾಗಿ ಹೊರಗೆ ಹೋಗಿ ಹೊಸವು ಬಂದ ಹಾಗೆಲ್ಲ ರಾಶಿ ಬೆಳ್ಳಗಾಗುತ್ತದೆ.

ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಇವತ್ತಿನ ಅರಿಶಿನ 120 ಬಟ್ಟೆಗಳಿಗೂ ತಾಗಿದೆ. ನೂರು ದಿನದ ಹಿಂದಿನದ್ದು ಈಗ ಉಳಿದಿರುವುದು ತೀರಾ ಹಳೆಯ ಇಪ್ಪತ್ತು ಬಟ್ಟೆಗಳಲ್ಲಿ ಮಾತ್ರ. ಹಾಗಾಗಿ 'ಮೂರು ತಿಂಗಳ ಸರಾಸರಿ' ಅಂದರೂ ಮೂರು ತಿಂಗಳಿಗೂ ಸಮಪಾಲು ಇಲ್ಲ. ಫಲಿತಾಂಶದಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಕಳೆದ ಒಂದು ತಿಂಗಳದ್ದು, ಕಾಲು ಭಾಗ ಅದರ ಹಿಂದಿನ ತಿಂಗಳದ್ದು, ಉಳಿದ ಕಾಲು ಭಾಗ ಅದಕ್ಕೂ ಹಿಂದಿನದ್ದು.

ಈಗ ಮೇಲೆ ಗೊಣಗಿದ ಆ ಗೃಹಿಣಿಯ ಲೆಕ್ಕ ಹಾಕೋಣ. ಪಥ್ಯ ಶುರು ಮಾಡುವ ಮೊದಲು ಅವರ ರಿಪೋರ್ಟಿನಲ್ಲಿ 9 ಇತ್ತು ಎಂದಿಟ್ಟುಕೊಳ್ಳಿ. 9 ಅಂದರೆ ದಿನದ ಸರಾಸರಿ ಶುಗರ್ ಸುಮಾರು 212. ಮಾತ್ರೆ, ಊಟ, ನಡಿಗೆಯಿಂದ ಅವರು ಅದನ್ನು 154ಕ್ಕೆ ಇಳಿಸಿದ್ದಾರೆ. ಸರಾಸರಿ 154 ಇದ್ದರೆ ರಿಪೋರ್ಟಿನಲ್ಲಿ 7 ಬರಬೇಕು. ಆದರೆ ಒಂದು ತಿಂಗಳಿಗೇ ಪರೀಕ್ಷೆ ಮಾಡಿಸಿದರೆ ಅರ್ಧ ದಾರಿ ಮಾತ್ರ ಇಳಿದಿರುತ್ತದೆ, ಅಂದರೆ 8ರ ಆಸುಪಾಸು. ಎರಡು ತಿಂಗಳಿಗೆ ಏಳೂವರೆ. ಹೀಗೇ ಮುಂದುವರಿಸಿದರೆ ಮೂರು ತಿಂಗಳು ಮುಗಿಯುವ ಹೊತ್ತಿಗೆ 7ರ ಹತ್ತಿರ. ಅಂದರೆ ಅವರ ಕೈಯಲ್ಲಿರುವ 8 ಸೋಲಲ್ಲ, ಪಥ್ಯ ಕೆಲಸ ಮಾಡುತ್ತಿರುವುದಕ್ಕೆ ಅದೇ ಸಾಕ್ಷಿ! ಔಷಧಿ ಬದಲಿಸಿದ ಮೇಲೆ ಡಾಕ್ಟರು "ಮೂರು ತಿಂಗಳು ಬಿಟ್ಟು ಮಾಡಿಸಿ" ಅನ್ನುವುದು ಇದಕ್ಕೇ.

ಇದೇ ಕಾರಣಕ್ಕೆ ಇಲ್ಲಿ ಕಳ್ಳಾಟವೂ ನಡೆಯುವುದಿಲ್ಲ. ಮೂರು ತಿಂಗಳು ಬೇಕಾದ್ದು ತಿಂದು, ಪರೀಕ್ಷೆಗೆ ಮುಂಚಿನ ಮೂರು ದಿನ ಬರೀ ಸೌತೆಕಾಯಿ ಕೋಸಂಬರಿ ತಿನ್ನುವ ಯಜಮಾನರುಗಳು ಎಲ್ಲ ಮನೆಯಲ್ಲೂ ಇರುತ್ತಾರೆ. ಮೂರು ದಿನಕ್ಕೆ ಈ ಅಂಕಿ 0.1ರಷ್ಟು ಕದಲಿದರೆ ಹೆಚ್ಚು. ಹಿಂದಿನ ರಾತ್ರಿಯ ಮದುವೆ ಊಟ, ಒಂದು ಹೋಳಿಗೆಯಿಂದ ಅದು ಏರುವುದೂ ಇಲ್ಲ. ಆದ್ದರಿಂದ ಈ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲೇ ಹೋಗಬೇಕೆಂದಿಲ್ಲ.

ಆದರೆ ಸರಾಸರಿಗೆ ಒಂದು ಕೆಟ್ಟ ಗುಣವಿದೆ. ಅದು ಏರಿಳಿತವನ್ನು ನುಂಗಿಹಾಕುತ್ತದೆ. ಇಬ್ಬರ ರಿಪೋರ್ಟಿನಲ್ಲೂ 7 ಇದೆ ಅನ್ನಿ. ಒಬ್ಬರ ಶುಗರ್ ದಿನವಿಡೀ 120ರಿಂದ 180ರೊಳಗೆ ಓಡಾಡಿಕೊಂಡಿದೆ. ಇನ್ನೊಬ್ಬರದ್ದು ಊಟವಾದ ಮೇಲೆ 280ಕ್ಕೆ ಹಾರಿ, ಬೆಳಗಿನ ಜಾವ 60ಕ್ಕೆ ಕುಸಿಯುತ್ತದೆ. ಬೆವರಿ, ಕೈ ನಡುಗಿ, ಎದೆ ಹೊಡೆದುಕೊಂಡು ಎಚ್ಚರವಾಗುವುದು ಈ ಎರಡನೆಯವರಿಗೆ. ಅದು ಎಚ್‌ಬಿಎ1ಸಿಯಲ್ಲಿ ಕಾಣುವುದೇ ಇಲ್ಲ, ಮೀಟರಿನಲ್ಲಿ ಮಾತ್ರ ಸಿಕ್ಕಿಬೀಳುತ್ತದೆ. ಅದಕ್ಕೇ, ಇನ್ಸುಲಿನ್ ತೆಗೆದುಕೊಳ್ಳುವವರು "ರಿಪೋರ್ಟು ಚೆನ್ನಾಗಿದೆಯಲ್ಲ" ಅಂತ ಮನೆಯಲ್ಲಿ ನೋಡುವುದನ್ನು ಬಿಡಬಾರದು.

ಮೀಟರಿನ ವಿಷಯದಲ್ಲೂ ಒಂದು ಮಾತು. ನಮ್ಮಲ್ಲಿ ಹೆಚ್ಚಿನವರು ಚೆಕ್ ಮಾಡುವುದು ಬೆಳಗ್ಗೆ ಎದ್ದ ಕೂಡಲೇ. 115 ಬಂತು, ಸಂತೋಷ. ಹತ್ತು ಗಂಟೆಗೆ ನಾಲ್ಕು ಇಡ್ಲಿ, ಮಧ್ಯಾಹ್ನ ಅನ್ನ ಸಾರು, ಸಂಜೆ ಕಾಫಿ ಜೊತೆ ಬಿಸ್ಕತ್ತು ಆದ ಮೇಲೆ ಎಷ್ಟಿರುತ್ತದೆ ಅಂತ ನೋಡಿದವರೇ ಕಡಿಮೆ. ಎಚ್‌ಬಿಎ1ಸಿ ಅದೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡಿರುತ್ತದೆ. ಬೆಳಗಿನ ಅಂಕಿ ಚೆನ್ನಾಗಿದ್ದೂ ರಿಪೋರ್ಟು ಹೆಚ್ಚು ಬರುತ್ತಿದ್ದರೆ, ಊಟ ಶುರು ಮಾಡಿ ಎರಡು ಗಂಟೆಯ ನಂತರದ ಶುಗರನ್ನು ಒಂದು ವಾರ ಬರೆದಿಡಿ. ಉತ್ತರ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಅಲ್ಲೂ ಸಿಗದಿದ್ದರೆ? ಹೆಂಗಸರು ವಿಶೇಷವಾಗಿ ನೆನಪಿಡಬೇಕಾದ್ದು ಇಲ್ಲಿದೆ. ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತಹೀನತೆ ಬಂದಿದ್ದರೆ, ಶುಗರ್ ಅಷ್ಟಿಲ್ಲದಿದ್ದರೂ ಎಚ್‌ಬಿಎ1ಸಿ ಹೆಚ್ಚು ತೋರಿಸಬಹುದು. ಹೊಸ ಬಟ್ಟೆ ಬರುವುದು ಕಡಿಮೆಯಾಗಿ ಹಳೆಯವೇ ಉಳಿದುಕೊಂಡ ಹಾಗೆ ಅದು. ಕಬ್ಬಿಣದ ಮಾತ್ರೆ ಶುರು ಮಾಡಿದಾಗ ಹೊಸ ಕಣಗಳು ಒಟ್ಟಿಗೆ ಬರುತ್ತವೆ, ಆಗ ಶುಗರ್ ಇದ್ದಷ್ಟೇ ಇದ್ದರೂ ರಿಪೋರ್ಟಿನ ಅಂಕಿ ಇಳಿಯುತ್ತದೆ. ಮುಟ್ಟಿನಲ್ಲೋ ಆಪರೇಷನ್ನಿನಲ್ಲೋ ತುಂಬಾ ರಕ್ತ ಹೋದ ನಂತರ ಹೊಸ ಕಣ ಹುಟ್ಟುವಾಗಲೂ ಅಂಕಿ ನಿಜಕ್ಕಿಂತ ಕಡಿಮೆ ಬರಬಹುದು. ರಕ್ತ ಹಾಕಿಸಿಕೊಂಡಿದ್ದರೆ ಅದರಲ್ಲಿರುವುದು ಬೇರೆಯವರ ಬಟ್ಟೆ, ಲೆಕ್ಕವೇ ತಪ್ಪುತ್ತದೆ. ಬಸಿರಿನಲ್ಲಿ ಕಣಗಳು ಬೇಗ ಬದಲಾಗುವುದರಿಂದ ಈ ಪರೀಕ್ಷೆಯೊಂದನ್ನೇ ನಂಬಿಕೊಳ್ಳುವುದಿಲ್ಲ.

ಹಾಗಾದರೆ ಗೊತ್ತಾಗುವುದು ಹೇಗೆ? ಮನೆಯಲ್ಲಿ ಬೇರೆ ಬೇರೆ ಹೊತ್ತಿನಲ್ಲಿ ನೋಡಿದ ಅಂಕಿಗಳ ಸರಾಸರಿಯನ್ನು ರಿಪೋರ್ಟಿನ ಪಕ್ಕ ಇಡಿ. 6ಕ್ಕೆ 126, 7ಕ್ಕೆ 154, 8ಕ್ಕೆ 183 ಸರಿಸುಮಾರು ಹೊಂದಬೇಕು. ಹತ್ತಿಪ್ಪತ್ತು ಆಚೀಚೆ ಇರಲಿ. ಒಂದು ಲ್ಯಾಬಿಗೂ ಇನ್ನೊಂದಕ್ಕೂ ಕೊಂಚ ವ್ಯತ್ಯಾಸ ಬರುತ್ತದೆ, ಹಾಗಾಗಿ ಪ್ರತಿಸಲ ಒಂದೇ ಲ್ಯಾಬಿಗೆ ಹೋಗುವುದು ಒಳ್ಳೆಯದು. ಮನೆಯ ಸರಾಸರಿ 140 ಇದ್ದು ರಿಪೋರ್ಟು 8 ಅಂದರೆ ಮಾತ್ರ ಆ ಪುಸ್ತಕವನ್ನು ಡಾಕ್ಟರಿಗೆ ತೋರಿಸಿ. "ನನಗೆ ಹಿಮೋಗ್ಲೋಬಿನ್ ಕಡಿಮೆ ಇದೆ", "ಕಬ್ಬಿಣದ ಮಾತ್ರೆ ನಡೀತಿದೆ" ಅನ್ನುವುದನ್ನೂ ನೀವಾಗಿಯೇ ಹೇಳಿ. ಮಾತ್ರೆಯ ಪ್ರಮಾಣವನ್ನು ನೀವೇ ಏರಿಸಿ ಇಳಿಸಲು ಹೋಗಬೇಡಿ. ಬೇಕೆನಿಸಿದರೆ ಅವರು ಫ್ರಕ್ಟೋಸಮೈನ್ ಎಂಬ ಇನ್ನೊಂದು ರಕ್ತಪರೀಕ್ಷೆ ಬರೆದುಕೊಡುತ್ತಾರೆ. ಅದು ರಕ್ತದ ಪ್ರೋಟೀನಿಗೆ ಅಂಟಿದ ಸಕ್ಕರೆಯನ್ನು ಅಳೆಯುತ್ತದೆ, ಕೆಂಪು ಕಣದ ಗೊಡವೆಗೆ ಹೋಗುವುದಿಲ್ಲ. ಅದರ ನೆನಪು ಎರಡು ಮೂರು ವಾರದ್ದು ಮಾತ್ರ.