ಇಬ್ಬರು ಕೂಡಿದರೆ ಲಾಭ ಮೂರನೆಯವನಿಗೆ

ಒಂದೇ ಕಸುಬಿನ ಇಬ್ಬರು ವ್ಯಾಪಾರಿಗಳು ಕೂಡಿಕೊಂಡರೆ ಪೈಪೋಟಿ ತಗ್ಗಿ ಇಬ್ಬರ ಗಳಿಕೆಯೂ ಹೆಚ್ಚುವುದೆಂದು ಸಾಮಾನ್ಯವಾಗಿ ನಂಬಲಾಗುತ್ತದೆ. ಈ ನಂಬಿಕೆ ಎಲ್ಲ ಕಡೆಯೂ ನಿಲ್ಲದೆಂಬುದನ್ನು 1983ರಲ್ಲಿ ಸ್ಯಾಲಂಟ್, ಸ್ವಿಟ್ಜರ್ ಮತ್ತು ರೆನಾಲ್ಡ್ಸ್ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕದಿಂದ ತೋರಿಸಿದರು. ಅವರು ಆಧಾರವಾಗಿ ಹಿಡಿದದ್ದು ಫ್ರಾನ್ಸಿನ ಕೂರ್ನೊ 1838ರಲ್ಲಿ ನಿರೂಪಿಸಿದ್ದ ಮಾರುಕಟ್ಟೆಯನ್ನು. ಅಲ್ಲಿ ಮಾರುವವರು ಕೆಲವರೇ. ಪ್ರತಿಯೊಬ್ಬನೂ ನಿರ್ಧರಿಸುವುದು ತಾನು ತರುವ ಸರಕಿನ ಪ್ರಮಾಣವನ್ನು ಮಾತ್ರ. ಬೆಲೆಯು ಒಟ್ಟು ಸರಕಿನಿಂದ ತಾನೇ ಗೊತ್ತಾಗುತ್ತದೆ.

ಉದಾಹರಣೆಗೆ, ನಾರಾಯಣಪೇಟೆ, ಮಕ್ತಲ್ ಮತ್ತು ಗದ್ವಾಲದಲ್ಲಿ ಒಂದೊಂದು ಶೇಂಗಾ ಎಣ್ಣೆ ಗಿರಣಿ ಇದ್ದು, ಮೂರೂ ಒಂದೇ ಪೇಟೆಗೆ ಎಣ್ಣೆ ಕಳುಹಿಸುತ್ತವೆ ಎಂದು ಊಹಿಸಬಹುದು. ಮೂವರ ಖರ್ಚೂ ಸಮಾನ. ದಿನವೊಂದಕ್ಕೆ ಪೇಟೆಗೆ ಬರುವ ಒಟ್ಟು ಡಬ್ಬಗಳ ಸಂಖ್ಯೆಯನ್ನು 120ರಿಂದ ಕಳೆದರೆ ಉಳಿಯುವಷ್ಟು ರೂಪಾಯಿಯೇ ಪ್ರತಿ ಡಬ್ಬದ ಲಾಭವೆಂದಿರಲಿ. ಮೂವರೂ ತಲಾ 30 ಡಬ್ಬ ತಂದರೆ ಒಟ್ಟು 90, ಡಬ್ಬಕ್ಕೆ ಲಾಭ 30 ರೂಪಾಯಿ, ಪ್ರತಿಯೊಬ್ಬನಿಗೆ 900. ಒಬ್ಬನೇ ಒಂದು ಡಬ್ಬ ತಗ್ಗಿಸಿದರೆ ಅವನಿಗೆ 29 ಡಬ್ಬಕ್ಕೆ 31ರಂತೆ 899 ದೊರೆಯುತ್ತದೆ. ಆದ್ದರಿಂದ ಯಾರೂ ತಗ್ಗಿಸರು.

ಈಗ ನಾರಾಯಣಪೇಟೆ, ಮಕ್ತಲ್ ಗಿರಣಿಗಳು ಒಂದಾದವು. ಇಬ್ಬರ ಹಳೆಯ ಲಾಭ ಒಟ್ಟು 1800. ಬೆಲೆ ಏರಿದರೆ ಅದರ ಫಲ ಎರಡು ಗಿರಣಿಗಳ ಸರಕಿಗೂ ಸಲ್ಲುವುದರಿಂದ, ಅವರು 60 ಡಬ್ಬಗಳನ್ನು 45ಕ್ಕೆ ಇಳಿಸುತ್ತಾರೆ. ಗದ್ವಾಲದವನು 30ರಲ್ಲಿಯೇ ನಿಂತರೆ ಅವರಿಗೆ 2025 ದೊರೆಯುತ್ತಿತ್ತು. ಆದರೆ ಅವನು ನಿಲ್ಲುವುದಿಲ್ಲ. ಡಬ್ಬದ ಲಾಭ 45ಕ್ಕೇರಿದ ಪೇಟೆಯಲ್ಲಿ ಅವನು ಇನ್ನೊಂದು ಡಬ್ಬ ತಂದರೆ ಅದರಿಂದ 44 ರೂಪಾಯಿ ಬರುತ್ತದೆ. ಹಳೆಯ 30 ಡಬ್ಬಗಳ ಮೇಲೆ ಒಂದೊಂದು ರೂಪಾಯಿ ಹೋದರೂ 14 ರೂಪಾಯಿ ಮಿಗುತ್ತದೆ. ಹೀಗೆ ಅವನು ಹೆಚ್ಚಿಸುತ್ತ, ಅದಕ್ಕೆ ತಕ್ಕಂತೆ ಇವರು ಇನ್ನಷ್ಟು ತಗ್ಗಿಸುತ್ತ, ಕೊನೆಗೆ ಎರಡೂ ಪಕ್ಷಗಳು ತಲಾ 40 ಡಬ್ಬಕ್ಕೆ ಬಂದು ನಿಲ್ಲುತ್ತವೆ. ಡಬ್ಬಕ್ಕೆ ಲಾಭ 40. ಪ್ರತಿ ಪಕ್ಷಕ್ಕೆ 1600. ಕೂಡಿಕೊಂಡವರು 200 ಕಳೆದುಕೊಂಡರು. ಹೊರಗುಳಿದವನ 900 ರೂಪಾಯಿ 1600 ಆಯಿತು. ಕೊಳ್ಳುವವರು ಡಬ್ಬಕ್ಕೆ 10 ರೂಪಾಯಿ ಹೆಚ್ಚು ತೆತ್ತರು.

ಹಳೆಯಂತೆ 60 ಡಬ್ಬವನ್ನೇ ತಂದರೆ ನಷ್ಟವಿಲ್ಲವಲ್ಲ ಎನಿಸಬಹುದು. ಆದರೆ ಒಡೆತನ ಒಂದಾದ ಮೇಲೆ ತಗ್ಗಿಸುವುದೇ ಅವರಿಗೆ ಹಿತವೆಂದು ಗದ್ವಾಲದವನಿಗೆ ತಿಳಿದಿದೆ. ಆ ಮಾತನ್ನು ಅವನು ನಂಬುವುದಿಲ್ಲ.

ಈ ಫಲಿತಾಂಶಕ್ಕೆ ಮಿತಿಗಳಿವೆ. ಮೂವರೂ ಕೂಡಿದರೆ ಒಟ್ಟು ಲಾಭ 2700ರಿಂದ 3600ಕ್ಕೇರುತ್ತದೆ, ಏಕೆಂದರೆ ಹೊರಗೆ ಯಾರೂ ಉಳಿಯುವುದಿಲ್ಲ. ಇಬ್ಬರೇ ಕೂಡಿದಾಗಲೂ ಒಂದೇ ಲಾರಿ, ಒಂದೇ ಯಂತ್ರದಿಂದ ಡಬ್ಬಕ್ಕೆ 4 ರೂಪಾಯಿಯಷ್ಟು ಖರ್ಚು ಉಳಿದರೆ ನಷ್ಟ ತಪ್ಪುತ್ತದೆ. ಆದುದರಿಂದ ಕೂಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಎರಡು: ಖರ್ಚು ಎಷ್ಟು ಇಳಿಯುತ್ತದೆ? ಹೊರಗುಳಿದವನು ಎಷ್ಟು ಹೆಚ್ಚಿಸಬಲ್ಲನು?