ರಾಕೆಟ್ ನುಂಗುವ ಕ್ರೇಕನ್

ಗಂಟೆಗಟ್ಟಲೆ ಕೂತು ಕಟ್ಟಿದ ರಾಕೆಟ್ಟು. ನೆಲ ಬಿಟ್ಟು ಸಲೀಸಾಗಿ ಮೇಲೇರಿದೆ, ಇಂಧನವೂ ಬೇಕಾದಷ್ಟಿದೆ. ಎಂಜಿನ್ ಆರಿಸಿ ಸುಮ್ಮನೆ ತೇಲಿಕೊಂಡು ಹೋಗುತ್ತಿದ್ದೀರಿ. ಅಷ್ಟರಲ್ಲಿ ರೆಕ್ಕೆ ಸಣ್ಣಗೆ ನಡುಗುತ್ತದೆ. ಆಮೇಲೆ ಇಂಧನದ ಟ್ಯಾಂಕು. ನೋಡನೋಡುತ್ತಿದ್ದಂತೆ ಇಡೀ ರಾಕೆಟ್ಟು ಜ್ವರ ಬಂದವರ ಹಾಗೆ ಗಡಗಡ ನಡುಗಿ ಚೂರುಚೂರಾಗುತ್ತದೆ. ಯಾವುದಕ್ಕೂ ಡಿಕ್ಕಿ ಹೊಡೆದಿಲ್ಲ. ಸುತ್ತ ಇರುವುದು ಬರೀ ಕತ್ತಲೆ.

‘ಕೆರ್ಬಲ್ ಸ್ಪೇಸ್ ಪ್ರೋಗ್ರಾಮ್’ ಎಂಬ ಕಂಪ್ಯೂಟರ್ ಆಟ 2011ರಲ್ಲಿ ಹೊರಬಂತು. ಅದರ ಮೊದಮೊದಲ ಆವೃತ್ತಿಗಳಲ್ಲಿ ಆಡಿದವರಿಗೆ ಹೀಗೆ ಆಗುತ್ತಿತ್ತು. ಬಾಹ್ಯಾಕಾಶದಲ್ಲಿ ಕಾಣದ ರಾಕ್ಷಸನೊಬ್ಬ ಕೂತು ರಾಕೆಟ್ಟುಗಳನ್ನು ನುಂಗುತ್ತಾನೆಂದು ಅವರು ತಮಾಷೆ ಮಾಡಿದರು. ಹಡಗುಗಳನ್ನು ಎಳೆದು ಮುಳುಗಿಸುವ ಕಥೆಗಳ ಕಡಲರಾಕ್ಷಸ ‘ಕ್ರೇಕನ್’ನ ಹೆಸರನ್ನೇ ಅವನಿಗೂ ಇಟ್ಟರು.

ಆಟವನ್ನು ರೂಪಿಸಿದವರು ಮೆಕ್ಸಿಕೋ ನಗರದ ‘ಸ್ಕ್ವಾಡ್’ ಸಂಸ್ಥೆಯಲ್ಲಿದ್ದ ಫೆಲಿಪೆ ಫಲಾಂಗೆ. ರಾಕ್ಷಸ ಎಲ್ಲಿ ಅಡಗಿದ್ದಾನೆಂದು ಅವರ ತಂಡ ಹುಡುಕಿತು. ಅವನಿದ್ದದ್ದು ಕಂಪ್ಯೂಟರು ಸಂಖ್ಯೆಗಳನ್ನು ಬರೆದಿಡುವ ರೀತಿಯಲ್ಲಿ.

ಆಟದ ಲೋಕದಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ವಿಳಾಸವಿದೆ. ಲೋಕದ ಒಂದು ಜಾಗವನ್ನು ಸೊನ್ನೆ ಎಂದು ಗುರುತಿಸುತ್ತಾರೆ. ಅದೇ ಮೂಲಬಿಂದು. ಅಲ್ಲಿಂದ ಬಲಕ್ಕೆ ಎಷ್ಟು ಮೀಟರು, ಮೇಲಕ್ಕೆ ಎಷ್ಟು, ಮುಂದಕ್ಕೆ ಎಷ್ಟು ಎಂಬ ಮೂರು ಸಂಖ್ಯೆಗಳೇ ವಿಳಾಸ. ಒಂದೊಂದು ಸಂಖ್ಯೆಗೂ ಹೆಚ್ಚಿನ ಆಟಗಳು ಕೊಡುವುದು 32 ಬಿಟ್‌ಗಳ ಜಾಗ. ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡು ಇಂಥ ಸಂಖ್ಯೆಗಳನ್ನು ಬಹಳ ಬೇಗ ಲೆಕ್ಕ ಹಾಕುತ್ತದೆ. ಕೆರ್ಬಲ್ ಆಟವನ್ನು ಕಟ್ಟಿದ್ದು ‘ಯೂನಿಟಿ’ ಎಂಬ ತಂತ್ರಾಂಶದಲ್ಲಿ. ಅದರಲ್ಲೂ ವಸ್ತುಗಳ ಸ್ಥಾನಕ್ಕೆ ಇದೇ ಅಳತೆ.

ಆ ಜಾಗದಲ್ಲಿ ದಶಾಂಶ ಲೆಕ್ಕದ ಸುಮಾರು ಏಳು ಅಂಕಿಗಳು ಮಾತ್ರ ನಿಲ್ಲುತ್ತವೆ. ಬಿಂದು ಎಲ್ಲಿ ಬೇಕಾದರೂ ಕೂರಬಹುದು. ಅದಕ್ಕೇ ಇದಕ್ಕೆ ‘ಫ್ಲೋಟಿಂಗ್ ಪಾಯಿಂಟ್’, ಅಂದರೆ ತೇಲುವ ಬಿಂದು, ಎಂದು ಹೆಸರು. ಸಂಖ್ಯೆ ಚಿಕ್ಕದಿದ್ದರೆ ಏಳು ಅಂಕಿಯೂ ಸೂಕ್ಷ್ಮ ಅಳತೆಗೆ ಸಿಗುತ್ತವೆ. ಸಂಖ್ಯೆ ದೊಡ್ಡದಾದಷ್ಟೂ ಮುಂದಿನ ಅಂಕಿಗಳೇ ಜಾಗ ತಿಂದುಬಿಡುತ್ತವೆ, ಬಿಂದುವಿನ ಆಚೆಗೆ ಏನೂ ಉಳಿಯುವುದಿಲ್ಲ. ಮನೆಯಲ್ಲಿ ಮಗಳು ಕೇಳಿದಾಗ ನಾನು ಹೇಳಿದ್ದು ಹೀಗೆ: ದರ್ಜಿಯ ಟೇಪಿನಲ್ಲಿ ಅಂಗಿಯ ತೋಳು ಅಳೆಯಬಹುದು. ಕಾರಿನ ಕಿಲೋಮೀಟರ್ ಮೀಟರಿನಲ್ಲಿ ಅಳೆಯಲು ಆಗುತ್ತದೆಯೇ? ಈ 32 ಬಿಟ್ ಸಂಖ್ಯೆ ಮನೆಯ ಹತ್ತಿರ ದರ್ಜಿಯ ಟೇಪು, ದೂರ ಹೋದಂತೆ ಕಾರಿನ ಮೀಟರು.

ಟೇಪಿನ ಮೇಲಿನ ಗೆರೆಗಳ ನಡುವಿನ ಅಂತರ ಎಷ್ಟೆಂದು ಲೆಕ್ಕ ಹಾಕಬಹುದು. ಮೂಲಬಿಂದುವಿನಿಂದ ಒಂದು ಕಿಲೋಮೀಟರ್ ದೂರದಲ್ಲಿ ಅದು ಮಿಲಿಮೀಟರಿನ ಹದಿನಾರನೇ ಒಂದು ಭಾಗ. ಯಾರ ಕಣ್ಣಿಗೂ ಕಾಣದು. ಹತ್ತು ಕಿಲೋಮೀಟರಿನಲ್ಲಿ ಸುಮಾರು ಒಂದು ಮಿಲಿಮೀಟರ್. ಕೆರ್ಬಲ್ ಆಟದ ಭೂಮಿಗೆ ‘ಕೆರ್ಬಿನ್’ ಎಂದು ಹೆಸರು, ಅದರ ತ್ರಿಜ್ಯ 600 ಕಿಲೋಮೀಟರ್. ಅದರ ನಟ್ಟನಡುವೆ ಮೂಲಬಿಂದು ಇಟ್ಟರೆ ರಾಕೆಟ್ ಹಾರುವ ನೆಲದಲ್ಲೇ ಗೆರೆಗಳ ಅಂತರ 6.25 ಸೆಂಟಿಮೀಟರ್ ಆಗಿಬಿಡುತ್ತದೆ. ಕೆರ್ಬಿನ್‌ನ ಚಂದ್ರ ‘ಮನ್’ ಇರುವುದು 12,000 ಕಿಲೋಮೀಟರ್ ದೂರದಲ್ಲಿ. ಅಲ್ಲಿ ಒಂದು ಗೆರೆಗೂ ಇನ್ನೊಂದಕ್ಕೂ ನಡುವೆ ಬರೋಬ್ಬರಿ ಒಂದು ಮೀಟರ್!

ಆ ಒಂದು ಮೀಟರ್ ಏನು ಮಾಡುತ್ತದೆ ನೋಡಿ. ರಾಕೆಟ್ಟಿನ ಎರಡು ಭಾಗಗಳನ್ನು 1.3 ಮೀಟರ್ ಅಂತರದಲ್ಲಿ ಜೋಡಿಸಿದ್ದೀರಿ ಎನ್ನೋಣ. ಒಂದರ ನಿಜವಾದ ಸ್ಥಾನ 1,20,00,000.4, ಇನ್ನೊಂದರದು 1,20,00,001.7. ಬಿಂದುವಿನ ಆಚೆಗೆ ಜಾಗವಿಲ್ಲವಾದ್ದರಿಂದ ಕಂಪ್ಯೂಟರು ಮೊದಲನೆಯದನ್ನು 1,20,00,000 ಎಂದೂ ಎರಡನೆಯದನ್ನು 1,20,00,002 ಎಂದೂ ಬರೆದುಕೊಳ್ಳುತ್ತದೆ. ಅಂತರ ಎರಡು ಮೀಟರ್ ಆಯಿತು. ರಾಕೆಟ್ಟು ಇಪ್ಪತ್ತು ಸೆಂಟಿಮೀಟರ್ ಮುಂದೆ ಸರಿಯಿತು. ಈಗ ನಿಜವಾದ ಕೊನೆಯಂಕಿಗಳು 0.6 ಮತ್ತು 1.9. ಬರೆದುಕೊಂಡದ್ದು 1 ಮತ್ತು 2. ಅಂತರ ಒಂದೇ ಮೀಟರ್! ಯಾರೂ ಮುಟ್ಟದೆಯೇ ಎರಡು ಭಾಗಗಳು ದೂರ ಹೋಗಿ ಹತ್ತಿರ ಬಂದಂತಾಯಿತು.

ಚಿತ್ರ ಅಲುಗಾಡುವುದಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ಆ ಭಾಗಗಳ ನಡುವಿನ ಬೆಸುಗೆಯನ್ನು ಆಟ ಒಂದು ಗಟ್ಟಿ ಸ್ಪ್ರಿಂಗಿನಂತೆ ಲೆಕ್ಕ ಹಾಕುತ್ತದೆ. 1.3 ಮೀಟರಿನ ಸ್ಪ್ರಿಂಗು ಎರಡು ಮೀಟರಿಗೆ ಹಿಗ್ಗಿದೆ ಎಂದು ಕಂಡಾಗ ಜೋರಾಗಿ ಒಳಕ್ಕೆ ಎಳೆಯುತ್ತದೆ. ಮರುಕ್ಷಣ ಕುಗ್ಗಿದೆ ಎಂದು ಕಂಡಾಗ ಹೊರಕ್ಕೆ ತಳ್ಳುತ್ತದೆ. ಸೆಕೆಂಡಿಗೆ ಐವತ್ತು ಸಲ ಈ ಎಳೆದಾಟ ನಡೆದರೆ ಯಾವ ಬೆಸುಗೆ ತಡೆದೀತು?

ಮನೆಯಲ್ಲಿ ಕಂಪ್ಯೂಟರ್ ಇದ್ದು ಪೈಥಾನ್ ಕಲಿಯುತ್ತಿರುವ ಮಕ್ಕಳು ಇದನ್ನು ತಾವೇ ನೋಡಬಹುದು. ಈ ಸಾಲುಗಳು ಒಂದು ಸಂಖ್ಯೆಯನ್ನು 32 ಬಿಟ್‌ಗಳೊಳಗೆ ತುರುಕಿ ಮತ್ತೆ ಹೊರತೆಗೆಯುತ್ತವೆ:

```python
import struct
def f(x):
    return struct.unpack('f', struct.pack('f', x))[0]
print(f(0.4))
print(f(12000000.4))
```

ಮೊದಲ ಉತ್ತರ 0.4000000059604645, ಅಂದರೆ 0.4ಕ್ಕೆ ತೀರಾ ಹತ್ತಿರ. ಎರಡನೆಯದು 12000000.0. ನಾವು ಕೊಟ್ಟ 0.4 ಮಾಯ.

ಇದಕ್ಕೆ ಮದ್ದು ಕೇಳಿದರೆ ನಗು ಬರಬಹುದು. ದೂರ ಹೋದದ್ದರಿಂದ ತೊಂದರೆ ತಾನೇ? ಹಾಗಾದರೆ ರಾಕೆಟ್ಟು ಮೂಲಬಿಂದುವಿನಿಂದ ದೂರ ಹೋಗದಂತೆ ಮೂಲಬಿಂದುವನ್ನೇ ಅದರ ಹಿಂದೆ ಓಡಿಸುವುದು!

ಕೆರ್ಬಲ್ ಆಟದಲ್ಲಿ ಮಾಡುವುದು ಹೀಗೆ. ರಾಕೆಟ್ಟು ಮೂಲಬಿಂದುವಿನಿಂದ ಸುಮಾರು ಆರು ಕಿಲೋಮೀಟರ್ ದಾಟಿತೇ ಎಂದು ನೋಡುತ್ತಿರುತ್ತಾರೆ. 6,012 ಮೀಟರಿಗೆ ಬಂತು ಎನ್ನೋಣ. ಆಗ ರಾಕೆಟ್ಟಿನ ವಿಳಾಸದಿಂದ 6,012 ಕಳೆಯುತ್ತಾರೆ, ಅದು ಸೊನ್ನೆಗೆ ಬರುತ್ತದೆ. ಕ್ಯಾಮೆರಾದಿಂದಲೂ ಅಷ್ಟೇ ಕಳೆಯುತ್ತಾರೆ. ನೆಲ, ಗುಡ್ಡ, ಕಳಚಿಬಿದ್ದ ಟ್ಯಾಂಕು, ಎಲ್ಲದರಿಂದಲೂ ಅಷ್ಟೇ. ಸೊನ್ನೆಯಲ್ಲಿದ್ದ ಉಡಾವಣೆಯ ಕಟ್ಟೆ ಈಗ −6,012ಕ್ಕೆ ಹೋಗುತ್ತದೆ. ಎಲ್ಲವೂ ಒಟ್ಟಿಗೆ ಸರಿದಿರುವುದರಿಂದ ಒಂದಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಬದಲಾಗಿಲ್ಲ. ಆಡುವವರಿಗೆ ಏನೂ ಗೊತ್ತೇ ಆಗುವುದಿಲ್ಲ. ಆರು ಕಿಲೋಮೀಟರಿನೊಳಗೆ ಟೇಪಿನ ಗೆರೆಗಳ ಅಂತರ ಅರ್ಧ ಮಿಲಿಮೀಟರನ್ನು ದಾಟದು. ಹಾಗಾಗಿ ರಾಕೆಟ್ಟು ಎಲ್ಲೇ ಇರಲಿ, ಯಾವಾಗಲೂ ನಯವಾದ ಅಳತೆಯೊಳಗೇ ಇರುತ್ತದೆ.

ಹಾಗಾದರೆ ಉಡಾವಣೆಯ ಕಟ್ಟೆಯ ಗತಿ? ರಾಕೆಟ್ಟು ಮನ್ ತಲುಪುವ ಹೊತ್ತಿಗೆ ಆ ಕಟ್ಟೆ −1,20,00,000ದ ಆಸುಪಾಸಿಗೆ ಹೋಗಿರುತ್ತದೆ, ಅದರ ಸ್ಥಾನ ಅರ್ಧ ಮೀಟರ್ ಅತ್ತಿತ್ತ ಆಗಬಹುದು. ಆಗಲಿ ಬಿಡಿ. 12,000 ಕಿಲೋಮೀಟರ್ ಆಚೆಯಿಂದ ಅರ್ಧ ಮೀಟರ್ ಯಾರಿಗೆ ಕಾಣುತ್ತದೆ? ನನಗೆ ಈ ಉಪಾಯದಲ್ಲಿ ತುಂಬ ಹಿಡಿಸುವುದು ಇದೇ. ತಪ್ಪನ್ನು ಇವರು ತೊಡೆದುಹಾಕಿಲ್ಲ, ಕಣ್ಣಿಗೆ ಬೀಳದ ಕಡೆಗೆ ಸಾಗಹಾಕಿದ್ದಾರೆ.

ಆದರೆ ಮೂಲಬಿಂದು ಎಷ್ಟು ದೂರ ಸರಿದಿದೆ ಎಂಬ ಲೆಕ್ಕ ಎಲ್ಲೋ ಒಂದು ಕಡೆ ಪಕ್ಕಾ ಇರಬೇಕಲ್ಲ? ಅದನ್ನೂ ಗ್ರಹಗಳ ನಿಜವಾದ ಸ್ಥಾನವನ್ನೂ 64 ಬಿಟ್‌ಗಳ ಸಂಖ್ಯೆಯಲ್ಲಿ ಇಡುತ್ತಾರೆ. ಅದರಲ್ಲಿ ಹದಿನೈದು ಅಂಕಿಗಳಿಗೆ ಜಾಗವಿದೆ. ಮನ್‌ನಷ್ಟು ದೂರದಲ್ಲೂ ಅದರ ಗೆರೆಗಳ ಅಂತರ ಮಿಲಿಮೀಟರಿನ ಲಕ್ಷದ ಒಂದು ಭಾಗಕ್ಕಿಂತ ಕಡಿಮೆ. ಇಲ್ಲಿ ಕ್ರಮ ತಪ್ಪಬಾರದು. ಮೊದಲು 64 ಬಿಟ್‌ನಲ್ಲೇ 1,20,00,000.4ರಿಂದ 1,20,00,000 ಕಳೆಯಬೇಕು. ಉಳಿದ 0.4 ಅನ್ನು ಆಮೇಲೆ 32 ಬಿಟ್‌ಗೆ ಇಳಿಸಬೇಕು. ಮೊದಲೇ ಇಳಿಸಿ ಆಮೇಲೆ ಕಳೆದರೆ ಸಿಗುವುದು ಸೊನ್ನೆ. ಒಮ್ಮೆ ಬಿದ್ದುಹೋದ ಅಂಕಿ ಮತ್ತೆ ಬರುವುದಿಲ್ಲ. ಮೂಲಬಿಂದು ಸರಿಸಿದರೂ ನಡುಕ ನಿಲ್ಲಲಿಲ್ಲ ಎಂದು ಪೇಚಾಡುವವರು ಮೊದಲು ನೋಡಬೇಕಾದದ್ದು ಈ ಜಾಗವನ್ನೇ.

ಇನ್ನೊಂದು ಫಜೀತಿ: ಸರಿಸುವಾಗ ಯಾವುದಾದರೂ ಒಂದನ್ನು ಮರೆತರೆ ಅದು ಆರು ಕಿಲೋಮೀಟರ್ ಹಿಂದೆಯೇ ಉಳಿದುಬಿಡುತ್ತದೆ. ಸಾಮಾನ್ಯವಾಗಿ ಮರೆತುಹೋಗುವುದು ಎಂಜಿನ್ನಿನ ಹೊಗೆ. ರಾಕೆಟ್ಟಿನ ಹಿಂದೆ ಇರಬೇಕಾದ ಹೊಗೆ ಒಮ್ಮೆಲೇ ಆಕಾಶದ ಇನ್ನೆಲ್ಲೋ ಕಾಣುತ್ತದೆ. ಹಿಂದಿನ ಸ್ಥಾನದಿಂದ ಈಗಿನ ಸ್ಥಾನವನ್ನು ಕಳೆದು ವೇಗ ತೋರಿಸುವ ಮೀಟರು ಇದ್ದರಂತೂ ಮಜಾ. ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ ರಾಕೆಟ್ಟು ಆರು ಕಿಲೋಮೀಟರ್ ಜಿಗಿದಿದೆ ಎಂದುಕೊಂಡು ಅದು ಸೆಕೆಂಡಿಗೆ 300 ಕಿಲೋಮೀಟರ್ ವೇಗ ತೋರಿಸುತ್ತದೆ!

ಹಲವರು ಒಟ್ಟಿಗೆ ಆಡುವ ಆಟದಲ್ಲಿ ಕೆಲಸ ಇನ್ನೂ ಕಷ್ಟ. ನೀವು ಮನ್ ಮೇಲೆ, ನಿಮ್ಮ ಗೆಳೆಯ ಕೆರ್ಬಿನ್ ಮೇಲೆ ಇದ್ದರೆ ಮೂಲಬಿಂದು ಯಾರ ಹಿಂದೆ ಓಡಬೇಕು? ಒಬ್ಬೊಬ್ಬರ ಕಂಪ್ಯೂಟರಿನಲ್ಲೂ ಅವರವರದೇ ಸೊನ್ನೆ ಇಟ್ಟುಕೊಂಡು, ಪರಸ್ಪರ ಕಳಿಸುವಾಗ 64 ಬಿಟ್‌ನ ವಿಳಾಸವನ್ನೇ ಕಳಿಸಬೇಕಾಗುತ್ತದೆ.

ಇಷ್ಟಾದರೂ ಕೆರ್ಬಲ್‌ನ ಕ್ರೇಕನ್ ಪೂರ್ತಿ ಸಾಯಲಿಲ್ಲ. ಕೆರ್ಬಿನ್ ಸುತ್ತ ತಿರುಗುವ ರಾಕೆಟ್ಟಿನ ವೇಗ ಸೆಕೆಂಡಿಗೆ 2,200 ಮೀಟರಿಗೂ ಹೆಚ್ಚು. ಮೂರು ಸೆಕೆಂಡು ತುಂಬುವುದರೊಳಗೆ ಆರು ಕಿಲೋಮೀಟರ್ ಮುಗಿದು, ಮತ್ತೆ ಮತ್ತೆ ಲೋಕ ಸರಿಸಬೇಕು. ಜೊತೆಗೆ ವೇಗವೂ ಒಂದು ಸಂಖ್ಯೆಯೇ ಅಲ್ಲವೇ? ಅದು ದೊಡ್ಡದಾದರೆ ಅದರ ಕೊನೆಯ ಅಂಕಿಗಳೂ ಬಿದ್ದುಹೋಗುತ್ತವೆ. ಆಗ ತಂಡದವರು ಸ್ಥಾನಕ್ಕೆ ಮಾಡಿದ್ದನ್ನೇ ವೇಗಕ್ಕೂ ಮಾಡಿದರು. ಸೆಕೆಂಡಿಗೆ 750 ಮೀಟರ್ ದಾಟಿದ ಮೇಲೆ ರಾಕೆಟ್ಟನ್ನು ಇದ್ದಲ್ಲೇ ನಿಲ್ಲಿಸಿ, ಸುತ್ತಲಿನ ಲೋಕವನ್ನೇ ಅದೇ ವೇಗದಲ್ಲಿ ಹಿಂದಕ್ಕೆ ಓಡಿಸತೊಡಗಿದರು. ರೈಲಿನ ಕಿಟಕಿಯಲ್ಲಿ ಕೂತವರಿಗೆ ತೆಂಗಿನ ಮರಗಳು ಹಿಂದಕ್ಕೆ ಓಡುವಂತೆ ಕಾಣುತ್ತವಲ್ಲ, ಇಲ್ಲಿ ಮರಗಳು ನಿಜಕ್ಕೂ ಓಡುತ್ತವೆ! 2012ರಲ್ಲಿ ಬಂದ 0.17 ಆವೃತ್ತಿಯಲ್ಲಿ ಇದು ಸೇರಿತು. ಈ ಭಾಗಕ್ಕೆ ಅವರಿಟ್ಟ ಹೆಸರು ‘ಕ್ರೇಕನ್ಸ್‌ಬೇನ್’, ಅಂದರೆ ಕ್ರೇಕನ್ ಸಂಹಾರಿ.

ಆಟದಲ್ಲಿ ‘ಜೂಲ್’ ಎಂಬ ದೊಡ್ಡ ಹಸಿರು ಗ್ರಹವಿದೆ. ಅದರ ಸುತ್ತ ‘ಬಾಪ್’ ಎಂಬ ಪುಟ್ಟ ಚಂದ್ರ ತಿರುಗುತ್ತದೆ. ಅಷ್ಟು ದೂರ ರಾಕೆಟ್ ಒಯ್ದು ಇಳಿದು, ತಾಳ್ಮೆಯಿಂದ ಹುಡುಕಿದವರಿಗೆ ಅಲ್ಲಿನ ನೆಲದ ಮೇಲೆ ಸತ್ತುಬಿದ್ದ ಒಂದು ದೈತ್ಯ ಪ್ರಾಣಿ ಸಿಗುತ್ತದೆ. ಅದು ಕ್ರೇಕನ್.